ಎಕರೆಗೆ ಎಷ್ಟು ನಳಿಕೆ, ಎಷ್ಟು ಖರ್ಚು, ಕೈಯಿಂದ ಎಷ್ಟು?

(ಕಬ್ಬು ಬೆಳೆಗಾರ ಸಭಾಸದರ ಗಟ ಸಭೆಯಲ್ಲಿ ಕಾರಖಾನೆಯ ಶೇತಕಿ ಖಾತೆಯ ವತಿಯಿಂದ ಮಾಡಿದ ಭಾಷಣ)



ಹನಿ ನೀರಾವರಿಯ ಬಗ್ಗೆ ಮಾತಾಡುವುದೆಂದರೆ ನೀರು ಉಳಿಯುತ್ತದೆ, ಇಳುವರಿ ಏರುತ್ತದೆ ಎಂದು ಹೇಳಿ ಮುಗಿಸುವುದು ರೂಢಿ. ಅದನ್ನು ನೀವು ನೂರು ಸಲ ಕೇಳಿದ್ದೀರಿ. ನಮ್ಮ ಖಾತೆಯ ಆಫೀಸಿಗೆ ಬರುವ ಸಭಾಸದರು ಕೇಳುವ ಪ್ರಶ್ನೆ ಬೇರೆ. "ಸಾಹೇಬರ, ಶೇಕಡಾ ಎಂಬತ್ತು ಅನುದಾನ ಅಂತಾರ. ಹಂಗಾದ್ರ ನನ್ನ ಒಂದು ಎಕರೆಗೆ ನಾ ಕೈಯಿಂದ ಎಷ್ಟು ಹಾಕಬೇಕು?" ಎಂದು ಕೇಳುತ್ತಾರೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿದವನು ನಿಮ್ಮನ್ನು ಮೋಸಗೊಳಿಸಿದ ಹಾಗೆ. ಅದಕ್ಕೇ ಇಂದು ಒಂದು ಎಕರೆಯನ್ನು ಮುಂದಿಟ್ಟುಕೊಂಡು, ನಳಿಕೆಯ ಅಳತೆಯಿಂದ ಹಿಡಿದು ಕಡೆಯ ರೂಪಾಯಿಯವರೆಗೆ ಲೆಕ್ಕ ಮಾಡಿ ತೋರಿಸುತ್ತೇನೆ. ಕಾಗದ, ಪೆನ್ಸಿಲ್ ಇದ್ದವರು ತೆಗೆದುಕೊಳ್ಳಿರಿ.

ಮೊದಲಿಗೆ ನಳಿಕೆಯ ಉದ್ದ. ಇಡೀ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಸಾಲಿನುದ್ದಕ್ಕೂ ಹಾಸುವ 16 ಮಿಲಿಮೀಟರಿನ ಹನಿ ನಳಿಕೆಗೇ ಹೋಗುತ್ತದೆ. ಇದನ್ನು ಅಂಗಡಿಯವರು ಲ್ಯಾಟರಲ್ ಅಥವಾ ಇನ್‌ಲೈನ್ ಎನ್ನುತ್ತಾರೆ. ಅದು ಎಷ್ಟು ಬೇಕೆಂಬುದನ್ನು ನಿರ್ಧರಿಸುವವನು ಅಂಗಡಿಯವನಲ್ಲ, ಸಾಲು ಬಿಡುವ ನೀವೇ. ಒಂದು ಎಕರೆ ಎಂದರೆ 43,560 ಚದರ ಅಡಿ. ಇದನ್ನು ಎರಡು ನಳಿಕೆಗಳ ನಡುವಿನ ಅಂತರದಿಂದ ಭಾಗಿಸಿದರೆ ನಳಿಕೆಯ ಉದ್ದ ಅಡಿಯಲ್ಲಿ ಬರುತ್ತದೆ. ಇಷ್ಟೇ ಸೂತ್ರ.

ನೀವು 3 ಅಡಿ ಸಾಲು ಬಿಟ್ಟು ಪ್ರತಿ ಸಾಲಿಗೂ ನಳಿಕೆ ಹಾಸಿದರೆ 14,520 ಅಡಿ, ಅಂದರೆ ಸುಮಾರು 4,425 ಮೀಟರು ಬೇಕು. 5 ಅಡಿ ಸಾಲು ಬಿಟ್ಟರೆ 8,712 ಅಡಿ, ಅಂದರೆ ಸುಮಾರು 2,655 ಮೀಟರು ಸಾಕು. ಮೀಟರಿಗೆ 12 ರೂಪಾಯಿ ಎಂದು ಹಿಡಿಯಿರಿ. ಎರಡರ ನಡುವಿನ ವ್ಯತ್ಯಾಸ 21,000 ರೂಪಾಯಿಗೂ ಮೇಲೆ. ಈ ಹಣವನ್ನು ಯಾವ ಸರಕಾರದ ಅನುದಾನವೂ ಕೊಟ್ಟದ್ದಲ್ಲ. ನೇಗಿಲು ಹೊಡೆಯುವಾಗ ಸಾಲು ಅಗಲ ಮಾಡಿದ್ದರಿಂದಲೇ ಉಳಿಯಿತು. ಆದ್ದರಿಂದ ಕಬ್ಬು ನಾಟಿ ಮಾಡಿ ಆದ ಮೇಲೆ ಕೊಟೇಶನ್ ತರಲು ಹೋಗಬೇಡಿರಿ. ಕೊಟೇಶನ್ ಮೊದಲು, ಸಾಲು ಆಮೇಲೆ.

ಇನ್ನೊಂದು ಪದ್ಧತಿ ಜೋಡಿ ಸಾಲಿನದು. ಎರಡು ಸಾಲುಗಳನ್ನು ಎರಡೂವರೆ ಅಡಿಯಲ್ಲಿ ಹತ್ತಿರ ತಂದು, ಮುಂದಿನ ಜೋಡಿಗೆ 5 ಅಡಿ ಬಿಟ್ಟು, ಜೋಡಿಯ ನಡುವೆ ಒಂದೇ ನಳಿಕೆ ಹಾಸುವುದು. ಇಲ್ಲಿ ನಳಿಕೆಗಳ ನಡುವಿನ ಅಂತರ ಏಳೂವರೆ ಅಡಿ ಆಗುತ್ತದೆ. 43,560ನ್ನು ಏಳೂವರೆಯಿಂದ ಭಾಗಿಸಿದರೆ 5,808 ಅಡಿ, ಅಂದರೆ 1,770 ಮೀಟರು. ಇದು ಎಲ್ಲಕ್ಕಿಂತ ಅಗ್ಗ. ಆದರೆ ಎಲ್ಲರ ಹೊಲಕ್ಕೂ ಒಗ್ಗುವುದಿಲ್ಲ. ಎರೆ ಭೂಮಿಯಲ್ಲಿ ಹನಿ ಅಡ್ಡಕ್ಕೆ ಹರಡಿ ಎರಡೂ ಬದಿಯ ಬೇರಿಗೆ ಮುಟ್ಟುತ್ತದೆ. ಗರಸು, ಮುರುಮು ಇರುವ ತೆಳು ಹೊಲದಲ್ಲಿ ನೀರು ಅಡ್ಡ ಹರಡದೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ನಳಿಕೆಯಿಂದ ಸವಾ ಅಡಿ ದೂರ ನಿಂತ ಗಡ್ಡೆ ಒಣಗುತ್ತದೆ. ನಿಮ್ಮ ಹೊಲ ಹೇಗಿದೆ ಎಂದು ತಿಳಿಯದಿದ್ದರೆ ಒಂದು ಪ್ರಯೋಗ ಮಾಡಿರಿ. ಒಂದು ಡಬ್ಬಿಗೆ ಸೂಜಿಯಿಂದ ತೂತು ಮಾಡಿ ನೀರು ತುಂಬಿ ಒಂದೇ ಜಾಗದಲ್ಲಿ ಎರಡು ತಾಸು ತೊಟ್ಟಿಕ್ಕಲು ಬಿಡಿರಿ. ಮರುದಿನ ಅಲ್ಲಿ ಸಲಿಕೆಯಿಂದ ಕಡಿದು ಒದ್ದೆ ಎಷ್ಟು ಅಗಲಕ್ಕೆ ಹೋಗಿದೆ ನೋಡಿರಿ.

ಈಗ ನಮ್ಮ ಉದಾಹರಣೆಯ ಹೊಲಕ್ಕೆ ಬರೋಣ. ಹೊಲ ಒಂದು ಎಕರೆ, ಎರೆ ಭೂಮಿ, ಸಪಾಟು. ಪೂರ್ವ ಪಶ್ಚಿಮ 220 ಅಡಿ, ದಕ್ಷಿಣೋತ್ತರ 198 ಅಡಿ. ಬೋರಿನ ನೀರು. ಬೋರು ಹೊಲದ ಮೂಲೆಯಿಂದ 90 ಮೀಟರು ದೂರ. ಸಾಲು 5 ಅಡಿಗೆ, ಉದ್ದ ಬದಿಗೆ. ಹಾಗಾದರೆ 198 ಅಡಿಯಲ್ಲಿ 40 ಸಾಲು ಕೂಡುತ್ತವೆ. ಪ್ರತಿ ಸಾಲು 220 ಅಡಿ, ಅಂದರೆ 67 ಮೀಟರು. ಒಟ್ಟು 2,680 ಮೀಟರು. ತುಂಡು, ತಿರುವು, ಹಾಳಾಗುವುದನ್ನು ಸೇರಿಸಿ 2,750 ಮೀಟರು ಬರೆದುಕೊಳ್ಳೋಣ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನೀರು ಸಾಲಿನ ಒಂದು ತುದಿಯಿಂದಲೇ ಬಿಟ್ಟರೆ 67 ಮೀಟರು ದೂರದ ಕಡೆಯ ಹನಿಗೂ ಅಷ್ಟೇ ನೀರು ಬರುತ್ತದೆಯೇ? ಅದು ಹನಿ ಬಿಡುವ ಪ್ರಮಾಣದ ಮೇಲೆ ಇದೆ. ನಳಿಕೆಯಲ್ಲಿ 40 ಸೆಂಟಿಮೀಟರಿಗೊಂದು ಹನಿತೂಬು ಇದ್ದು, ಪ್ರತಿಯೊಂದೂ ತಾಸಿಗೆ 2 ಲೀಟರು ಬಿಡುವುದಾದರೆ 16 ಮಿಲಿಮೀಟರಿನ ನಳಿಕೆ ಸಪಾಟು ನೆಲದಲ್ಲಿ ಸುಮಾರು 75 ಮೀಟರಿನವರೆಗೆ ಸರಿಯಾಗಿ ನಡೆಯುತ್ತದೆ. ಅದೇ 4 ಲೀಟರಿನದಾದರೆ 50 ಮೀಟರಿಗೇ ದಣಿಯುತ್ತದೆ. ಅಲ್ಲಿಂದಾಚೆ ಮೊದಲಿನ ಹನಿಗೂ ಕಡೆಯ ಹನಿಗೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಕಬ್ಬು ಮೇಲ್ತುದಿಯಲ್ಲಿ ಹಸಿರು, ಕೆಳತುದಿಯಲ್ಲಿ ಹಳದಿ ಕಾಣುವ ಹೊಲಗಳನ್ನು ನೋಡಿದ್ದೀರಲ್ಲ, ಹಲವು ಸಲ ಕಾರಣ ಇದೇ. ಗೊಬ್ಬರ ಕಡಿಮೆಯಾಯಿತೆಂದು ಯೂರಿಯಾ ಸುರಿದು ಫಲವಿಲ್ಲ.

ನಮ್ಮ ಹೊಲಕ್ಕೆ ಆದ್ದರಿಂದ 2 ಲೀಟರಿನದನ್ನು ಆರಿಸೋಣ. 67 ಮೀಟರು 75ರ ಒಳಗಿದೆ. ಹಾಗಾದರೆ ಉಪಮುಖ್ಯ ನಳಿಕೆ, ಅಂದರೆ ಸಬ್‌ಮೇನು, ಹೊಲದ ಒಂದು ಅಂಚಿಗೆ 198 ಅಡಿ ಉದ್ದಕ್ಕೆ ಹೂಳಿದರೆ ಸಾಕು. ಅದರಿಂದ 40 ನಳಿಕೆ ಹೊರಡುತ್ತವೆ. ಪ್ರತಿ ನಳಿಕೆಗೆ ಸಬ್‌ಮೇನಿನಲ್ಲಿ ಒಂದು ತೂತು, ಅದರಲ್ಲಿ ಒಂದು ರಬ್ಬರ್ ಗ್ರೊಮೆಟ್, ಒಂದು ಟೇಕ್‌ಆಫ್, ಕಡೆಯ ತುದಿಗೆ ಒಂದು ಎಂಡ್ ಕ್ಯಾಪ್. ಅಂದರೆ 40 ಜೊತೆ ಗ್ರೊಮೆಟ್ ಟೇಕ್‌ಆಫ್, 40 ಎಂಡ್ ಕ್ಯಾಪ್. ನಳಿಕೆ ಎಲ್ಲಿಯಾದರೂ ಕಡಿದರೆ ಕೂಡಿಸಲು 20 ಜಾಯಿನರ್ ಇರಲಿ. ಕಬ್ಬು ಕಡಿಯುವ ಟೋಳಿ ಒಂದು ಸಲ ಬಂದು ಹೋದರೆ ಇವು ಎಷ್ಟು ಬೇಕೆಂಬುದು ನಿಮಗೇ ತಿಳಿಯುತ್ತದೆ.

ಅಂಗಡಿಯವನು 4 ಲೀಟರಿನದನ್ನೇ ಕೊಟ್ಟಿದ್ದರೆ ಏನಾಗುತ್ತಿತ್ತು? ಸಬ್‌ಮೇನನ್ನು ಹೊಲದ ನಡುವೆ ತರಬೇಕಾಗುತ್ತಿತ್ತು. ಎರಡೂ ಬದಿಗೆ 110 ಅಡಿಯ ನಳಿಕೆಗಳು, ಹಾಗಾಗಿ ಟೇಕ್‌ಆಫ್ 80, ಎಂಡ್ ಕ್ಯಾಪ್ 80. ಅಷ್ಟೇ ಅಲ್ಲ, ನೀರಿನ ಪ್ರಮಾಣವೂ ಇಮ್ಮಡಿ. 2 ಲೀಟರಿನಲ್ಲಿ ನಮ್ಮ ಎಕರೆಗೆ 6,700 ಹನಿತೂಬು, ತಾಸಿಗೆ 13,400 ಲೀಟರು, ಅಂದರೆ ಸೆಕೆಂಡಿಗೆ 3.7 ಲೀಟರು. 63 ಮಿಲಿಮೀಟರಿನ ಪಿವಿಸಿ ನಳಿಕೆ ಇಷ್ಟನ್ನು ಆರಾಮವಾಗಿ ಹೊರುತ್ತದೆ. 4 ಲೀಟರಿನಲ್ಲಿ ಸೆಕೆಂಡಿಗೆ 7.4 ಲೀಟರು ಬೇಕು. 63ರ ನಳಿಕೆ ಅದನ್ನು ತಾಳುವುದಿಲ್ಲ, ನಿಮ್ಮ ಬೋರು ಅಷ್ಟು ಎತ್ತುವುದೂ ಇಲ್ಲ. ಆಗ ಎಕರೆಯನ್ನು ಎರಡು ಭಾಗ ಮಾಡಿ ಎರಡು ವಾಲ್ವು ಹಾಕಬೇಕು. 4 ಲೀಟರಿನದಕ್ಕೆ ಒಂದು ಗುಣವಿದೆ, ಅದನ್ನೂ ಹೇಳಬೇಕು: ಅದರ ದಾರಿ ಅಗಲ, ಕೆಸರು ನೀರಿಗೆ ಬೇಗ ಕಟ್ಟಿಕೊಳ್ಳುವುದಿಲ್ಲ. ಕೆರೆ, ಶೇತತಳೆ, ಕಾಲುವೆ ನೀರಿನವರು ಅದನ್ನು ವಿಚಾರ ಮಾಡಬಹುದು.

ಈಗ ದೊಡ್ಡ ನಳಿಕೆ. ಬೋರಿನಿಂದ ಹೊಲದ ಮೂಲೆಗೆ 90 ಮೀಟರು. ಇಲ್ಲಿ 75 ಮಿಲಿಮೀಟರಿನದನ್ನು ಹಿಡಿದಿದ್ದೇನೆ. 63ರಲ್ಲಿಯೂ ಒಂದು ಎಕರೆ ನಡೆಯುತ್ತದೆ. ಆದರೆ ಈ 90 ಮೀಟರಿನಲ್ಲೇ 3 ಮೀಟರಿನಷ್ಟು ಒತ್ತಡ ಸವೆದು ಹೋಗುತ್ತದೆ. 75ರಲ್ಲಿ ಒಂದೂಕಾಲು ಮೀಟರಿನ ಒಳಗೇ ಮುಗಿಯುತ್ತದೆ. ಹನಿತೂಬಿನ ಬಳಿ ಬೇಕಾಗುವ ಒತ್ತಡವೇ 10 ಮೀಟರು, ಎಂದ ಮೇಲೆ ದಾರಿಯಲ್ಲೇ 3 ಮೀಟರು ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಪಿವಿಸಿ ನಳಿಕೆ 6 ಮೀಟರಿನ ತುಂಡುಗಳಲ್ಲಿ ಬರುತ್ತದೆ. ಆದ್ದರಿಂದ 75ರವು 15 ತುಂಡು, 63ರವು 11 ತುಂಡು. ಅಂಗಡಿಗೆ ಹೋದಾಗ ತುಂಡು ಲೆಕ್ಕದಲ್ಲೇ ಕೇಳಿರಿ.

ಇನ್ನು ಬಾಯಿಯ ಬಳಿಯ ಸಾಮಾನು. ಫಿಲ್ಟರ್, ಗೊಬ್ಬರ ಬಿಡುವ ವೆಂಚುರಿ, ಹಿಂದಕ್ಕೆ ನೀರು ಬಾರದಂತೆ ತಡೆಯುವ ವಾಲ್ವು, ಬೈಪಾಸು, ಒತ್ತಡದ ಗಡಿಯಾರ. ಬೋರಿನ ತಿಳಿ ನೀರಿಗೆ ಡಿಸ್ಕ್ ಅಥವಾ ಜಾಳಿಗೆಯ ಫಿಲ್ಟರ್ ಸಾಕು. ಬೋರು ಉಸುಕು ಎತ್ತುತ್ತಿದ್ದರೆ ಅದರ ಮುಂದೆ ಹೈಡ್ರೊಸೈಕ್ಲೋನ್ ಬೇಕು. ತೆರೆದ ಬಾವಿ, ಶೇತತಳೆ, ಕಾಲುವೆ ನೀರಿನಲ್ಲಿ ಪಾಚಿ ಇರುತ್ತದೆ. ಅದಕ್ಕೆ ಜಾಳಿಗೆ ಸಾಲದು, ಉಸುಕಿನ ಫಿಲ್ಟರೇ ಬೇಕು. ಅದೊಂದಕ್ಕೇ ಸುಮಾರು 20,000 ರೂಪಾಯಿ ಏರುತ್ತದೆ ಎಂದು ಹಿಡಿಯಿರಿ. ಹಾಗೆಂದು ಅದನ್ನು ಬಿಟ್ಟು ಉಳಿತಾಯ ಮಾಡಿದವನ 6,700 ಹನಿತೂಬು ಎರಡನೆಯ ಬೇಸಿಗೆಗೆ ಕಟ್ಟಿಕೊಂಡಿರುತ್ತವೆ. ಮುಚ್ಚಿದ ಹನಿತೂಬನ್ನು ಇನ್‌ಲೈನ್ ನಳಿಕೆಯಲ್ಲಿ ಬಿಚ್ಚಿ ತೊಳೆಯಲು ಬರುವುದಿಲ್ಲ.

ಈಗ ಪಟ್ಟಿ ಕೂಡಿಸೋಣ. ಇಲ್ಲಿ ಹೇಳುವ ದರಗಳು ತೆರಿಗೆ ಕೂಡಿಸಿ, ಲೆಕ್ಕಕ್ಕಾಗಿ ಹಿಡಿದವು. ಅಂಗಡಿ ಅಂಗಡಿಗೆ, ತಿಂಗಳು ತಿಂಗಳಿಗೆ ಬದಲಾಗುತ್ತವೆ. ನಿಮ್ಮ ಕೊಟೇಶನ್ನಿನ ಅಂಕಿ ಇದರ ಜಾಗದಲ್ಲಿ ಬರೆದುಕೊಳ್ಳಿರಿ. ಹನಿ ನೀರಾವರಿ ಸಾಮಾನಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದವರನ್ನು ಇದನ್ನೊಮ್ಮೆ ಕೇಳಿರಿ.

ಹನಿ ನಳಿಕೆ 2,750 ಮೀಟರು, ಮೀಟರಿಗೆ 12ರಂತೆ 33,000 ರೂಪಾಯಿ. 75ರ ಪಿವಿಸಿ 90 ಮೀಟರು, 95ರಂತೆ 8,550. 63ರ ಪಿವಿಸಿ 66 ಮೀಟರು, 70ರಂತೆ 4,620. ಗ್ರೊಮೆಟ್ ಟೇಕ್‌ಆಫ್ ಜೊತೆಗೆ 8 ರೂಪಾಯಿಯಂತೆ 320, ಎಂಡ್ ಕ್ಯಾಪ್ 3ರಂತೆ 120, ಜಾಯಿನರ್ 20ಕ್ಕೆ 60. ಈ ಸಣ್ಣ ಸಾಮಾನೆಲ್ಲ ಸೇರಿ 500 ರೂಪಾಯಿ ಮಾತ್ರ. ಆದರೂ ಇವುಗಳ ಸಲುವಾಗಿಯೇ ಕೆಲಸ ನಿಲ್ಲುವುದು ಹೆಚ್ಚು. ಸಬ್‌ಮೇನಿನ ಬಾಲ್ ವಾಲ್ವು 400, ಅದರ ತುದಿಗೆ ಕೆಸರು ಹೊರಹಾಕುವ ಫ್ಲಶ್ ವಾಲ್ವು 120, ಗಾಳಿ ಬಿಡುವ ಏರ್ ವಾಲ್ವು 280, ಕೂಡಿ 800. ಡಿಸ್ಕ್ ಫಿಲ್ಟರ್ 4,500, ವೆಂಚುರಿ 1,700, ಗಡಿಯಾರ, ಬೈಪಾಸು ಮತ್ತು ತಡೆ ವಾಲ್ವು 2,000, ಕೂಡಿ 8,200. ಎಲ್ಬೋ, ಟೀ, ಅಂಟು ಇತ್ಯಾದಿ 1,330. ಒಟ್ಟು 57,000 ರೂಪಾಯಿ. ಇದರ ಮೇಲೆ ತಗ್ಗು ತೋಡಿ ನಳಿಕೆ ಹೂಳುವ ಕೂಲಿ 3,000. ಅದು ಸಾಮಾನಿನ ಬಿಲ್ಲಿನಲ್ಲಿ ಬರುವುದಿಲ್ಲ, ನಿಮ್ಮ ಕೈಯಿಂದಲೇ ಹೋಗುತ್ತದೆ.

ಎರಡನೆಯ ಎಕರೆಗೂ ಇದೇ 57,000 ಆಗುತ್ತದೆಯೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಎರಡು ತಾಸು ಬಿಟ್ಟರೆ ನಮ್ಮ ಎಕರೆಗೆ 26,800 ಲೀಟರು ಬೀಳುತ್ತದೆ, ಅಂದರೆ ಹೊಲದ ತುಂಬ ಆರೂವರೆ ಮಿಲಿಮೀಟರು ನೀರು ನಿಲ್ಲಿಸಿದ ಹಾಗೆ. ಉಳಿದ ಹೊತ್ತಿಗೆ ಅದೇ ಫಿಲ್ಟರು, ಅದೇ 75ರ ನಳಿಕೆ ಮುಂದಿನ ಎಕರೆಗೆ ಕೆಲಸ ಮಾಡುತ್ತವೆ. ವಾಲ್ವು ಮುಚ್ಚಿ ವಾಲ್ವು ತೆರೆಯುವುದಷ್ಟೇ. ಪಕ್ಕದ ಎಕರೆಗೆ 8,200ರ ಬಾಯಿ ಸಾಮಾನೂ 8,550ರ ದೊಡ್ಡ ನಳಿಕೆಯೂ ಮತ್ತೆ ಬೇಡ. ಹಾಗಾಗಿ ಎರಡು ಎಕರೆಗೆ ಒಟ್ಟು 97,000ದ ಆಸುಪಾಸು, ಎಕರೆಗೆ 48,600 ಬೀಳುತ್ತದೆ. ಅಣ್ಣತಮ್ಮಂದಿರು ಪಾಲು ಹಂಚಿಕೊಂಡು ಒಂದೇ ಬೋರಿನ ನೀರು ತೆಗೆದುಕೊಳ್ಳುವವರು ಬೇರೆ ಬೇರೆ ಫಿಲ್ಟರ್ ಕೂಡಿಸುವ ಮೊದಲು ಇದನ್ನು ಮನೆಯಲ್ಲಿ ಕೂತು ಮಾತಾಡಿರಿ.

ಈಗ ಅನುದಾನ. ಕೇಂದ್ರದ 'ಪರ್ ಡ್ರಾಪ್ ಮೋರ್ ಕ್ರಾಪ್' ಯೋಜನೆಯಲ್ಲಿ ಸಣ್ಣ ಹಾಗೂ ಅತಿ ಸಣ್ಣ ರೈತರಿಗೆ ಶೇಕಡಾ 55, ಉಳಿದವರಿಗೆ ಶೇಕಡಾ 45. ಮಹಾರಾಷ್ಟ್ರದಲ್ಲಿ ಇದರ ಮೇಲೆ ರಾಜ್ಯದ ಮುಖ್ಯಮಂತ್ರಿ ಶಾಶ್ವತ ಕೃಷಿ ಸಿಂಚನ ಯೋಜನೆಯಿಂದ ಮೊದಲಿನವರಿಗೆ 25, ಎರಡನೆಯವರಿಗೆ 30 ಕೂಡಿಸಿ ಒಟ್ಟು 80 ಮತ್ತು 75 ಮಾಡಿದ್ದಾರೆ. ಸಣ್ಣ ರೈತ ಎಂದರೆ 2 ಹೆಕ್ಟೇರಿನವರೆಗೆ, ಅಂದರೆ 5 ಎಕರೆಗೆ ಸ್ವಲ್ಪ ಕಡಿಮೆ ಭೂಮಿ ಉಳ್ಳವನು. ನಿಮ್ಮ ಆಠ್-ಅ ಉತಾರೆಯಲ್ಲಿ ಒಟ್ಟು ಕ್ಷೇತ್ರ ಎಷ್ಟು ಇದೆ ಎಂಬುದೇ ಇದಕ್ಕೆ ಆಧಾರ, ಹನಿ ಹಾಕುವ ತುಂಡು ಎಷ್ಟು ಸಣ್ಣದೆಂಬುದಲ್ಲ. ಒಬ್ಬರಿಗೆ ಹೆಚ್ಚೆಂದರೆ 5 ಹೆಕ್ಟೇರಿನವರೆಗೆ ಅನುದಾನ. ಒಂದು ಸಲ ಪಡೆದ ಭೂಮಿಗೆ ಮತ್ತೆ ಪಡೆಯಬೇಕಾದರೆ 7 ವರ್ಷ ಕಳೆಯಬೇಕು.

ಗಡಿ ಆಚೆಯ ಬೀಗರು ತಮಗೆ ಶೇಕಡಾ 90 ಸಿಕ್ಕಿತೆಂದು ಹೇಳಿದ್ದನ್ನು ಕೇಳಿ ನೀವು ನಮ್ಮ ಮೇಲೆ ಸಿಟ್ಟಾಗುತ್ತೀರಿ. ಅವರು ಹೇಳುವುದು ಸುಳ್ಳಲ್ಲ. ಕರ್ನಾಟಕದಲ್ಲಿ 2 ಹೆಕ್ಟೇರಿನವರೆಗೆ ಶೇಕಡಾ 90 ಇದೆ. ಆದರೆ ಅನುದಾನ ಮಾತಾಡುವ ಭಾಷೆಯ ಮೇಲೆ ಬರುವುದಿಲ್ಲ, ಭೂಮಿಯ ಉತಾರೆ ಯಾವ ರಾಜ್ಯದ್ದೋ ಅದರ ಮೇಲೆ ಬರುತ್ತದೆ. ಎರಡೂ ಕಡೆ ಭೂಮಿ ಇದ್ದವರು ಎರಡು ಕಡೆಯ ಲೆಕ್ಕ ಬೇರೆ ಬೇರೆ ಇಟ್ಟುಕೊಳ್ಳಿರಿ.

ಇನ್ನು ಲಕ್ಷ್ಯವಿಟ್ಟು ಕೇಳಿರಿ, ಎಲ್ಲರೂ ಎಡವುವ ಜಾಗ ಇದು. ಶೇಕಡಾ 80 ಎಂದರೆ ಯಾವುದರ 80? ನಿಮ್ಮ ಬಿಲ್ಲಿನದೆಂದು ನೀವು ತಿಳಿಯುತ್ತೀರಿ. 57,000ಕ್ಕೆ 45,600 ಬರುತ್ತದೆ, ಕೈಯಿಂದ 11,400 ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಆದರೆ ಕೃಷಿ ಖಾತೆ ಪ್ರತಿ ನಳಿಕೆ ಅಂತರಕ್ಕೆ, ಪ್ರತಿ ಕ್ಷೇತ್ರಕ್ಕೆ ಇಷ್ಟು ಖರ್ಚು ಎಂದು ಒಂದು ಮಾಪಕ ವೆಚ್ಚವನ್ನು ಗೊತ್ತುಮಾಡಿದೆ. ಮಾಪಕ ವೆಚ್ಚ ಮತ್ತು ನಿಮ್ಮ ಬಿಲ್ಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಶೇಕಡಾವಾರು ಹಾಕುತ್ತಾರೆ. ನಮ್ಮ ಹೊಲದ ಅಂತರಕ್ಕೆ, ಒಂದು ಎಕರೆಗೆ ಮಾಪಕ 45,000 ಎಂದು ಹಿಡಿಯೋಣ. ಇದು ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮ ನಿಜವಾದ ಅಂಕಿ ತಾಲೂಕಾ ಕೃಷಿ ಕಚೇರಿಯ ತಖ್ತೆಯಲ್ಲಿದೆ, ಕೊಟೇಶನ್ನಿಗೆ ಹೋಗುವ ಮುಂಚೆ ಅದನ್ನು ಬರೆದು ತನ್ನಿರಿ. 45,000ದ ಶೇಕಡಾ 80 ಎಂದರೆ 36,000. ಬಿಲ್ಲು 57,000ದಲ್ಲಿ ಇದನ್ನು ಕಳೆದರೆ 21,000. ಕೂಲಿ 3,000 ಸೇರಿಸಿದರೆ 24,000. ಬಿಲ್ಲಿಗೆ ಹೋಲಿಸಿದರೆ ಅನುದಾನ ಶೇಕಡಾ 63 ಮಾತ್ರ ಆಯಿತು. 5 ಎಕರೆ ಮೀರಿದ ರೈತನಾದರೆ ಅನುದಾನ 33,750, ಕೈಯಿಂದ 23,250, ಕೂಲಿ ಸೇರಿ 26,250.

11,400 ಎಂದುಕೊಂಡಿದ್ದವನಿಗೆ 24,000 ಬಂದಾಗ ಬೀಜದ ಹಣ ಇಲ್ಲಿಗೆ ತಿರುಗುತ್ತದೆ. ಅಂಗಡಿಯವನು ಮಾಪಕಕ್ಕೆ ಹತ್ತಿರದ ಬಿಲ್ಲು ಮಾಡುತ್ತಾನೆಯೇ, ಅಥವಾ ಅನುದಾನ ಇದೆಯೆಂದು ದರ ಏರಿಸಿದ್ದಾನೆಯೇ ಎಂದು ನೋಡುವುದೂ ಇದರಿಂದಲೇ. ಅನುದಾನ ಬೇಡ, ನಗದು ಕೊಡುತ್ತೇನೆ, ಇದೇ ನಳಿಕೆ ಮೀಟರಿಗೆ ಎಷ್ಟು ಎಂದು ಇನ್ನೊಂದು ಅಂಗಡಿಯಲ್ಲಿ ಕೇಳಿ ನೋಡಿರಿ. ನಳಿಕೆಯ ಮೀಟರು ದರದಲ್ಲಿ 2 ರೂಪಾಯಿ ಅಂತರ ಬಂದರೆ ಎಕರೆಗೆ 5,500 ಆಗುತ್ತದೆ. ಗ್ರೊಮೆಟ್ಟಿನ ದರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡಿ ನಳಿಕೆಯ ದರ ಕೇಳದೆ ಬರುವವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ಅನುದಾನ ಮೊದಲು ಬರುವುದಿಲ್ಲ. ಮಹಾಡಿಬಿಟಿಯಲ್ಲಿ ಅರ್ಜಿ ಹಾಕಬೇಕು, ಪೂರ್ವಸಮ್ಮತಿ ಬರಬೇಕು, ಆಮೇಲೆ ಸಾಮಾನು ಕೊಂಡು ಕೂಡಿಸಿ ಬಿಲ್ಲು ಹಾಕಬೇಕು, ಅವರು ಹೊಲಕ್ಕೆ ಬಂದು ನೋಡಬೇಕು, ಕಡೆಗೆ ಆಧಾರ್ ಜೋಡಿಸಿದ ಖಾತೆಗೆ ಹಣ ಬೀಳುತ್ತದೆ. ನಡುವಿನ ತಿಂಗಳುಗಳಲ್ಲಿ 60,000 ನಿಮ್ಮದೇ ತೊಡಗಿರುತ್ತದೆ. ವರ್ಷಕ್ಕೆ ಶೇಕಡಾ 12ರ ಸಾಲ ತಂದು ಆರು ತಿಂಗಳು ಕಾದರೆ ಬಡ್ಡಿಯೇ 3,600. ಆಗ ಕೈಯಿಂದ ಹೋಗುವುದು 24,000 ಅಲ್ಲ, 27,600. ಈ ಸಾಲು ನಿಮ್ಮ ಪಟ್ಟಿಯಲ್ಲಿ ಇರಲಿ. ಪೂರ್ವಸಮ್ಮತಿಗೆ ಮುಂಚೆ ಕೊಂಡದ್ದಕ್ಕೆ ಅನುದಾನವಿಲ್ಲ. ನಮ್ಮ ಗಟದ ಒಬ್ಬ ಸಭಾಸದರು, ಅಂಗಡಿಯವನು ಈಗ ಒಯ್ಯಿರಿ, ಕಾಗದ ಆಮೇಲೆ ಮಾಡೋಣ ಎಂದದ್ದಕ್ಕೆ ಒಪ್ಪಿ, ನಾಟಿಯ ಅವಸರಕ್ಕೆ ನಳಿಕೆ ತಂದು ಹಾಸಿದರು. ಬಿಲ್ಲಿನ ತಾರೀಖು ಸಮ್ಮತಿಯ ತಾರೀಖಿಗಿಂತ ಹನ್ನೆರಡು ದಿನ ಹಿಂದಿನದಾಯಿತು. ಅರ್ಜಿ ಹೋಯಿತು, ಇಡೀ ಹಣ ಅವರ ತಲೆಯ ಮೇಲೆ ಬಿತ್ತು. ಹಾಗಾಗಿ ಅರ್ಜಿಯನ್ನು ನಾಟಿಗೆ ಎರಡು ಮೂರು ತಿಂಗಳು ಮುಂಚೆಯೇ ಹಾಕಿರಿ. ಸಾತ್-ಬಾರಾ, ಆಠ್-ಅ, ಬೋರಿನ ನೋಂದಣಿ, ವಿದ್ಯುತ್ ಬಿಲ್ಲು ತೆಗೆದಿಟ್ಟುಕೊಳ್ಳಿರಿ. ಸಾತ್-ಬಾರಾದಲ್ಲಿ ಬಾವಿ ಅಥವಾ ಬೋರು ನಮೂದಾಗಿರದಿದ್ದರೆ ಮೊದಲು ತಲಾಠಿಯವರಲ್ಲಿ ಅದನ್ನು ಮಾಡಿಸಿರಿ.

ಕಡೆಗೆ, ಸಾಮಾನು ಬಂದಾಗ ನೋಡುವುದು. ಹನಿ ನಳಿಕೆಯ ಮೇಲೆ ಐಎಸ್‌ಐ ಗುರುತಿನೊಡನೆ ಐಎಸ್ 13488 ಎಂದು ಅಚ್ಚಾಗಿರಬೇಕು. ಬಿಲ್ಲಿನಲ್ಲಿ ಬರೆದ ಕ್ಲಾಸು ನಳಿಕೆಯ ಮೇಲೂ ಅದೇ ಇದೆಯೇ ನೋಡಿರಿ. ತೆಳು ನಳಿಕೆಯನ್ನು ದಪ್ಪದ ದರಕ್ಕೆ ಕೊಟ್ಟರೆ ಕೈಯಲ್ಲಿ ಹಿಡಿದು ಗುರುತಿಸುವುದು ಕಠಿಣ. ಸುರುಳಿಯ ಉದ್ದವನ್ನು ಅಳೆಯಲು ಟೇಪು ಬೇಕಿಲ್ಲ, ಹನಿತೂಬು ಎಣಿಸಿರಿ. 40 ಸೆಂಟಿಮೀಟರಿನ ನಳಿಕೆಯಲ್ಲಿ 100 ಹನಿತೂಬು ಎಂದರೆ 40 ಮೀಟರು. ನಮ್ಮ ಹೊಲದ ಒಂದು ಸಾಲಿನಲ್ಲಿ 167 ಬರಬೇಕು.

ಕೂಡಿಸಿ ಆದ ಮೇಲೆ ಎಂಡ್ ಕ್ಯಾಪ್ ಹಾಕದೆ ಒಂದು ಸಲ ನೀರು ಬಿಟ್ಟು ಒಳಗಿನ ಪಿವಿಸಿ ಚೂರು, ಮಣ್ಣು ಹೊರಹೋಗಲು ಬಿಡಿರಿ. ಆಮೇಲೆ ತುದಿ ಮುಚ್ಚಿ ಪರೀಕ್ಷೆ ಮಾಡಿರಿ. ಔಷಧಿಯ ಬಾಟಲಿಯ ಜೊತೆ ಬರುವ ಗುರುತಿನ ಮಾಪು ಮತ್ತು ಗಡಿಯಾರ ಸಾಕು. ತಾಸಿಗೆ 2 ಲೀಟರು ಬಿಡುವ ಹನಿತೂಬು 3 ನಿಮಿಷಕ್ಕೆ 100 ಮಿಲಿಲೀಟರು ಕೊಡುತ್ತದೆ. ಸಬ್‌ಮೇನಿನ ಬಳಿ ಮೊದಲ ಸಾಲಿನ ಮೊದಲ ಹನಿ, ಅದೇ ಸಾಲಿನ ಕಡೆಯ ಹನಿ, ನಲವತ್ತನೆಯ ಸಾಲಿನ ಮೊದಲ ಹನಿ ಮತ್ತು ಕಡೆಯ ಹನಿ, ಈ ನಾಲ್ಕು ಕಡೆ ಮೂರು ಮೂರು ನಿಮಿಷ ಹಿಡಿಯಿರಿ. ನಾಲ್ಕರಲ್ಲೂ 90ರ ಮೇಲೆ ಬಂದರೆ ಸರಿ. ನಾಲ್ಕರಲ್ಲೂ ಒಂದೇ ಸಮ ಕಡಿಮೆ ಬಂದರೆ ಒತ್ತಡ ಸಾಲದು: ಬೈಪಾಸು ತೆರೆದಿದೆಯೇ, ಫಿಲ್ಟರ್ ಕಟ್ಟಿದೆಯೇ ನೋಡಿರಿ. ಸಾಲಿನ ತುದಿಯಲ್ಲಿ ಮಾತ್ರ ಕಡಿಮೆಯಾದರೆ ನಳಿಕೆ ಉದ್ದ ಹೆಚ್ಚಾಯಿತು ಅಥವಾ ನಡುವೆ ಎಲ್ಲೋ ಮಡಚಿದೆ. ನಲವತ್ತನೆಯ ಸಾಲಿನ ಎರಡೂ ಕಡೆ ಕಡಿಮೆಯಾದರೆ ಸಬ್‌ಮೇನೇ ಸಣ್ಣದು, ಅಥವಾ ಗ್ರೊಮೆಟ್ಟುಗಳು ಸೋರುತ್ತಿವೆ. ಆಳು ಸಂಜೆ ಮುಂದಾಗಿ ಸಹಿಗಾಗಿ ಕಾಗದ ಮುಂದೆ ಹಿಡಿಯುತ್ತಾನೆ. ಈ ನಾಲ್ಕು ಅಳತೆ ಮೊದಲು, ಸಹಿ ಆಮೇಲೆ. ಒಮ್ಮೆ ಸಹಿ ಹಾಕಿದಿರೆಂದರೆ ಅವನು ಮರಳಿ ಬರುವುದು ಮುಂದಿನ ಗಿರಾಕಿಯ ಹೊಲಕ್ಕೆ.

ನಿಮ್ಮ ಹೊಲದ ಉದ್ದಗಲ, ಬಾವಿಯ ದೂರ, ಮೋಟಾರಿನ ಎಚ್‌ಪಿ, ನೀರು ಯಾವುದು, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಗಟ ಆಫೀಸಿಗೆ ತನ್ನಿರಿ. ಕೊಟೇಶನ್ನನ್ನೂ ತನ್ನಿರಿ. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಮೇಲೆ ಯಾರಾದರೊಬ್ಬರು ಕೂತು ಲೆಕ್ಕ ಮಾಡಿ ಕೊಡುತ್ತೇವೆ.